ಕರೆಂಟ್ ಹೋದ ಮೇಲಿನ ಮೊದಲ ನಿಮಿಷ: ಏರುಕೊಳವೆಯಲ್ಲಿ ನೀರಿನ ಗುದ್ದು

ಮಾನ್ವಿ ಕಡೆ ಭತ್ತದ ಗದ್ದೆಯ ಬದುವಿನಲ್ಲಿ ಒಂದು ಏರ್ ವಾಲ್ವ್ ಗುಂಡಿ ಇತ್ತು. ಕಾಲುವೆ ನೀರು ಬಿಟ್ಟ ದಿನಗಳು. ಗುಂಡಿಯೊಳಗೆ ಮೊಣಕಾಲುದ್ದ ಕೆಸರು ನೀರು ನಿಂತು, ವಾಲ್ವಿನ ಬಾಯಿ ಅದರಲ್ಲಿ ಮುಳುಗಿತ್ತು. ಪಕ್ಕದಲ್ಲಿ ನಿಂತಿದ್ದ ಪಂಪ್ ಆಪರೇಟರ್ ಹೇಳಿದ: "ಕರೆಂಟ್ ಹೋತಂದ್ರ ನೋಡ್ರಿ ಸಾರ್, ಈ ನೀರು ತಾನ ಒಳಗ ಹೋಗತೈತಿ. ಆಮ್ಯಾಲೆ ಒಂದರ್ಧ ನಿಮಿಷಕ್ಕ ಪೈಪ್ ಗುದ್ದತೈತ್ರಿ." ಅಷ್ಟರಲ್ಲಿ ಕರೆಂಟ್ ಹೋಯಿತು. ಕೆಲವು ಸೆಕೆಂಡ್ ಏನೂ ಇಲ್ಲ. ಆಮೇಲೆ ಗುಂಡಿಯ ನೀರಿನಲ್ಲಿ ಸುಳಿ ಎದ್ದಿತು, ಗೊರ ಗೊರ ಸದ್ದು ಬಂತು, ಕೆಸರು ನೀರು ಕಣ್ಣೆದುರೇ ಇಳಿಯಿತು. ಊರಿಗೆ ಹೋಗುವ ಕುಡಿಯುವ ನೀರಿನ ಪೈಪಿಗೆ ಗದ್ದೆಯ ನೀರು ಸೇರಿತು.

ನೀರಿನ ಗುದ್ದು, ಅಂದರೆ ವಾಟರ್ ಹ್ಯಾಮರ್, ಎಂದ ಕೂಡಲೇ ನಮಗೆ ಒಡೆದ ಪೈಪು ನೆನಪಾಗುತ್ತದೆ. ನಮ್ಮ ರಾಯಚೂರು ಜಿಲ್ಲೆಯ ಉದ್ದನೆಯ ಲೈನುಗಳಲ್ಲಿ ಗುದ್ದಿಗಿಂತ ಮೊದಲು ಬರುವ ಈ ಹೀರುವಿಕೆಯೇ ದೊಡ್ಡ ಹಾನಿ ಎಂಬುದು ನನ್ನ ಅನುಭವ. ಹೀರುವಿಕೆಯನ್ನು ತಡೆದರೆ ಗುದ್ದು ಬಹುಪಾಲು ತಾನೇ ತಗ್ಗುತ್ತದೆ. ಹಾಗಾಗಿ ಅದನ್ನೇ ಹಿಡಿದುಕೊಂಡು ಮುಂದೆ ಹೋಗೋಣ.

ರೈಸಿಂಗ್ ಮೇನ್ ಅಂದರೆ ಏರುಕೊಳವೆ. ತಗ್ಗಿನಲ್ಲಿರುವ ಪಂಪಿನಿಂದ ಎತ್ತರದ ಟ್ಯಾಂಕಿಗೆ ನೀರನ್ನು ದೂಡುವ ಪೈಪು ಇದು. ರಾಯಚೂರು ನಗರಕ್ಕೆ ಕೃಷ್ಣೆಯ ನೀರು ದೇವಸೂಗೂರು ಕಡೆಯಿಂದ ಬರುತ್ತದೆ. ತುಂಗಭದ್ರೆಯ ನೀರು ಎಡದಂಡೆ ಕಾಲುವೆಯಿಂದ ರಾಂಪುರ ಕೆರೆಗೆ ಬರುತ್ತದೆ. ದೇವದುರ್ಗ ತಾಲ್ಲೂಕು ಕೃಷ್ಣೆಯ ಮಗ್ಗುಲು, ಮಾನ್ವಿ ತಾಲ್ಲೂಕು ತುಂಗಭದ್ರೆಯ ಮಗ್ಗುಲು. ಎರಡು ಹೊಳೆಗಳ ನಡುವಿನ ಈ ನೆಲಕ್ಕೆ ಹಿಂದೆ ಎಡೆದೊರೆ ನಾಡು ಎಂದೇ ಹೆಸರಿತ್ತು. ಈ ಹೆಸರಿನಲ್ಲಿ ಎಂಜಿನಿಯರಿಗೆ ಬೇಕಾದ ಒಂದು ಸುಳಿವೂ ಇದೆ. ಯಾವ ಹೊಳೆಯಿಂದ ಹೊರಟರೂ ಪೈಪು ನಡುವಿನ ದಿಣ್ಣೆಯ ಕಡೆಗೆ ಏರಬೇಕು. ದಾರಿಯಲ್ಲಿ ಕಲ್ಲು ದಿಬ್ಬ ಏರಿ, ಎರೆ ಹೊಲಕ್ಕೆ ಇಳಿದು, ಮತ್ತೆ ಏರಬೇಕು. ಆ ನಡುದಿಬ್ಬವೇ ನಮ್ಮ ಕಥೆಯ ಮುಖ್ಯ ಜಾಗ.

ಪಂಪು ನಿಂತಾಗ ಪೈಪಿನೊಳಗೆ ಏನಾಗುತ್ತದೆ? ಹನ್ನೆರಡು ಕಿಲೋಮೀಟರ್ ಉದ್ದದ ನೀರಿನ ಕಂಬವೊಂದು ಓಡುತ್ತಿದೆ ಎಂದುಕೊಳ್ಳಿ. ಅರ್ಧ ಮೀಟರ್ ಅಡ್ಡಗಲದ ಪೈಪಾದರೆ ಅದರ ತೂಕ ಎರಡು ಸಾವಿರ ಟನ್ ದಾಟುತ್ತದೆ. ಹಿಂದಿನಿಂದ ದೂಡುತ್ತಿದ್ದ ಪಂಪು ನಿಂತರೂ ಕಂಬ ಒಮ್ಮೆಗೇ ನಿಲ್ಲುವುದಿಲ್ಲ, ಮುಂದಕ್ಕೇ ಹೋಗುತ್ತಿರುತ್ತದೆ. ಹಿಂದಿನಿಂದ ನೀರು ಬರುತ್ತಿಲ್ಲವಾದ್ದರಿಂದ ಪಂಪಿನ ಬಳಿ ಒತ್ತಡ ಕುಸಿಯುತ್ತದೆ. ಈ ಕುಸಿತ ಅಲೆಯಾಗಿ ಪೈಪಿನುದ್ದಕ್ಕೂ ಓಡುತ್ತದೆ. ಇದಕ್ಕೆ ಸರ್ಜ್, ಅಂದರೆ ಒತ್ತಡದ ಅಲೆ, ಎನ್ನುತ್ತಾರೆ. ಅದು ಟ್ಯಾಂಕ್ ಮುಟ್ಟಿ ಹಿಂದಿರುಗುವವರೆಗೆ ಪಂಪಿನ ತುದಿಗೆ ಆಸರೆ ಸಿಗುವುದಿಲ್ಲ.

ಎಷ್ಟು ಕುಸಿಯುತ್ತದೆ ಎಂಬ ಲೆಕ್ಕವನ್ನು ರಷ್ಯಾದ ಜೂಕೋವ್‌ಸ್ಕಿ ಮಾಸ್ಕೋ ನಗರದ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ 1898ರಲ್ಲಿ ಪ್ರಕಟಿಸಿದರು. ನಮ್ಮ ದೇಶದ ಸಿಪಿಎಚ್‌ಇಇಒ ಕೈಪಿಡಿಯಲ್ಲೂ ಅದೇ ಸೂತ್ರವಿದೆ. ಇದು ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿ.

```
C  = 1425 / sqrt(1 + (K/E) × (d/t))
ΔH = C × V / g
T  = 2 × L / C
```

C ಅಂದರೆ ಅಲೆಯ ವೇಗ. K ನೀರಿನ ಸ್ಥಿತಿಸ್ಥಾಪಕ ಗುಣಾಂಕ, E ಪೈಪಿನ ಸ್ಥಿತಿಸ್ಥಾಪಕ ಗುಣಾಂಕ. d ಪೈಪಿನ ಅಡ್ಡಗಲ, t ಅದರ ಗೋಡೆಯ ದಪ್ಪ. V ನೀರಿನ ವೇಗ, g ಅಂದರೆ 9.81. ΔH ಎಂಬುದು ಒತ್ತಡದ ಏರಿಳಿತ, ಇದನ್ನು ನೀರಿನ ಎತ್ತರದ ಮೀಟರಿನಲ್ಲಿ ಹೇಳುತ್ತಾರೆ. ಹತ್ತು ಮೀಟರ್ ಎಂದರೆ ಸುಮಾರಾಗಿ ಗೇಜಿನ ಒಂದು ಕೆ.ಜಿ. L ಪೈಪಿನ ಉದ್ದ. T ಎಂಬುದು ಅಲೆ ಹೋಗಿ ಬರುವ ಸಮಯ.

ಈಗ ಒಂದು ಲೆಕ್ಕ ಮಾಡೋಣ. ಇದು ಯಾವುದೋ ಒಂದು ಯೋಜನೆಯ ಕಡತದಿಂದ ತೆಗೆದದ್ದಲ್ಲ, ಈ ಭಾಗದ ನೆಲಕ್ಕೆ ಹೊಂದುವಂತೆ ನಾನೇ ಇಟ್ಟುಕೊಂಡ ಅಂಕಿಗಳು. ಪೈಪು 500 ಮಿ.ಮೀ. ಡಿಐ, ಅಂದರೆ ಡಕ್ಟೈಲ್ ಐರನ್, ಕೆ9 ದರ್ಜೆ, ಗೋಡೆಯ ದಪ್ಪ 9 ಮಿ.ಮೀ. ಉದ್ದ 12 ಕಿ.ಮೀ. ನೀರಿನ ವೇಗ ಸೆಕೆಂಡಿಗೆ 1 ಮೀಟರ್, ಅಂದರೆ ಸೆಕೆಂಡಿಗೆ 196 ಲೀಟರ್. ಪಂಪಿನ ಸಂಪಿಗಿಂತ ಕೊನೆಯ ಟ್ಯಾಂಕಿನ ನೀರಿನ ಮಟ್ಟ 35 ಮೀಟರ್ ಎತ್ತರ. ಉಜ್ಜಾಟದಲ್ಲಿ, ಅಂದರೆ ಫ್ರಿಕ್ಷನ್‌ನಲ್ಲಿ, ಇನ್ನು 19 ಮೀಟರ್ ಹೋಗುತ್ತದೆ. ಒಟ್ಟು ಪಂಪಿನ ಬಳಿ ಸುಮಾರು 55 ಮೀಟರ್ ಒತ್ತಡ. ಪಂಪಿನಿಂದ 4 ಕಿ.ಮೀ. ದೂರದಲ್ಲಿ ಒಂದು ದಿಬ್ಬ, ಅಲ್ಲಿ ಪೈಪು 26 ಮೀಟರ್ ಎತ್ತರದಲ್ಲಿದೆ. ಪಂಪು ಓಡುವಾಗ ಆ ದಿಬ್ಬದ ಮೇಲೆ ಪೈಪಿನೊಳಗೆ 22 ಮೀಟರ್ ಒತ್ತಡ ಇರುತ್ತದೆ.

ಸೂತ್ರಕ್ಕೆ ಹಾಕಿದರೆ ಅಲೆಯ ವೇಗ ಸೆಕೆಂಡಿಗೆ 1,100 ಮೀಟರ್ ಬರುತ್ತದೆ. ನೀರು ಪೂರ್ತಿ ನಿಂತರೆ ಒತ್ತಡದ ಏರಿಳಿತ 112 ಮೀಟರ್. ಅಲೆ ಹೋಗಿ ಬರುವ ಸಮಯ 22 ಸೆಕೆಂಡ್. ಕರೆಂಟ್ ಹೋದ ಪಂಪು ಕೆಲವೇ ಸೆಕೆಂಡುಗಳಲ್ಲಿ ದೂಡುವ ಶಕ್ತಿ ಕಳೆದುಕೊಳ್ಳುತ್ತದೆ. ಅಲೆ ಇನ್ನೂ ಟ್ಯಾಂಕ್ ಮುಟ್ಟಿ ಬಂದಿರುವುದಿಲ್ಲ. ಆದ್ದರಿಂದ ಈ ಲೈನಿಗೆ ಕರೆಂಟ್ ಹೋಗುವುದೂ ಒಂದೇ, ದಿಢೀರನೆ ಗೇಟ್ ಹಾಕಿದಂತಾಗುವುದೂ ಒಂದೇ.

ಈಗ ನೋಡಿ. ಪಂಪಿನ ಬಳಿ ಇರುವುದೇ 55 ಮೀಟರ್. ಅದರಿಂದ 112 ಕಳೆಯುವುದು ಹೇಗೆ? ಆಗುವುದಿಲ್ಲ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ಬೇಸಿಗೆಯಲ್ಲಿ ನೀರೂ ಬಿಸಿ. ಇಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ 9 ಮೀಟರ್ ಚಿಲ್ಲರೆ ಕೆಳಗಿಳಿದರೆ ಸಾಕು, ಕಾಯಿಸದೆಯೇ ನೀರು ಕುದಿದು ಆವಿಯಾಗಿ ಕಂಬ ತುಂಡಾಗುತ್ತದೆ. ಇದಕ್ಕೆ ಕಾಲಮ್ ಸೆಪರೇಷನ್ ಎನ್ನುತ್ತಾರೆ. ನಮ್ಮ ದಿಬ್ಬಕ್ಕೆ ಅಲೆ ತಲುಪಲು ನಾಲ್ಕು ಸೆಕೆಂಡೂ ಬೇಡ. ಅಲ್ಲಿದ್ದ 22 ಮೀಟರ್ ಒತ್ತಡ ಹೋಗಿ, ಕಂಬ ಅಲ್ಲೇ ಕಡಿಯುತ್ತದೆ.

ಕಡಿದ ಮೇಲೆ ಎರಡು ಕಂಬ. ಪಂಪಿನ ಕಡೆಯದು 4 ಕಿ.ಮೀ., ಟ್ಯಾಂಕಿನ ಕಡೆಯದು 8 ಕಿ.ಮೀ. ಗಿಡ್ಡ ಕಂಬ ಬೇಗ ನಿಲ್ಲುತ್ತದೆ. ಉದ್ದದ್ದು ಸುಮಾರು ಅರ್ಧ ನಿಮಿಷ ಮುಂದೆ ಹೋಗುತ್ತಲೇ ಇದ್ದು, 16 ಮೀಟರ್ ಸರಿದು ನಿಲ್ಲುತ್ತದೆ. ನಡುವೆ ಕೆಲವು ಮೀಟರ್ ಉದ್ದದ ಖಾಲಿ. ಆಮೇಲೆ ಟ್ಯಾಂಕಿನ ಎತ್ತರ ಉದ್ದ ಕಂಬವನ್ನು ಹಿಂದಕ್ಕೆ ದೂಡುತ್ತದೆ. ಖಾಲಿ ಜಾಗ ದಾಟಿ ಗಿಡ್ಡ ಕಂಬಕ್ಕೆ ಬಡಿಯುವಾಗ ಅದರ ವೇಗ ಸೆಕೆಂಡಿಗೆ 0.6 ಮೀಟರಿನ ಆಸುಪಾಸು. ಗುದ್ದನ್ನು ಎರಡೂ ಕಂಬ ಅರ್ಧರ್ಧ ಹಂಚಿಕೊಳ್ಳುತ್ತವೆ, ಹಾಗಾಗಿ 34 ಮೀಟರಿನ ಅಲೆ ಏಳುತ್ತದೆ. ಆ ಅಲೆ ಪಂಪಿನ ಮುಂದೆ ಮುಚ್ಚಿಕೊಂಡಿರುವ ಎನ್‌ಆರ್‌ವಿಗೆ ಬಡಿದಾಗ ದುಪ್ಪಟ್ಟಾಗುತ್ತದೆ. ಎನ್‌ಆರ್‌ವಿ ಅಂದರೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್. ಆಗಲೇ ಇದ್ದ ಒತ್ತಡ ಸೇರಿ ಅಲ್ಲಿ 84 ಮೀಟರ್ ಆಗುತ್ತದೆ. ಆಪರೇಟರ್ ಹೇಳಿದ "ಗುದ್ದು" ಇದೇ.

ಇಲ್ಲಿ ಒಂದು ಅನುಮಾನ ಬರುವುದು ಸಹಜ. ಕೆ9 ಡಿಐ ಪೈಪು 84 ಮೀಟರ್ ತಾಳುವುದಿಲ್ಲವೇ? ಧಾರಾಳವಾಗಿ ತಾಳುತ್ತದೆ. ಹಾಗಾಗಿಯೇ ಎಷ್ಟೋ ಕಡೆ "ಪೈಪ್ ಗಟ್ಟಿಯಿದೆ, ಸರ್ಜ್ ಏನೂ ಮಾಡದು" ಎಂದು ಕಡತ ಮುಚ್ಚಿಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಪೈಪು ತಾಳಿದರೂ 100 ಮೀಟರಿಗೆ ಮಾತ್ರ ಗುರುತಿಸಿದ ಪಿಎನ್10 ವಾಲ್ವುಗಳಿಗೆ ಈ ಪೆಟ್ಟು ದಿನಕ್ಕೆ ಹಲವು ಸಲ ಬೀಳುತ್ತದೆ. ಎನ್‌ಆರ್‌ವಿಯ ಬಾಗಿಲು ಸಡಿಲಾಗುತ್ತದೆ, ಫ್ಲೇಂಜಿನ ಬೋಲ್ಟುಗಳು ಸಡಿಲಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಡಿಐ ಪೈಪಿನ ಜೋಡಣೆಯ ರಬ್ಬರ್ ಗ್ಯಾಸ್ಕೆಟ್ ಒಳಗಿನ ಒತ್ತಡಕ್ಕೆ ಬಿಗಿಯಾಗುವಂತೆ ಮಾಡಿದ್ದು. ಒಳಗೆ ಹೀರುವಿಕೆ ಆದಾಗ ಅದಕ್ಕೆ ಆ ನೆರವು ಇಲ್ಲ. ಸಣ್ಣ ಸೋರಿಕೆ ಇರುವ ಕಡೆ, ಹೊರಗೆ ಗದ್ದೆಯ ನೀರು ನಿಂತಿರುವ ಕಡೆ, ಆ ನೀರು ಒಳಬರುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬಿ ಜೋಡಣೆಗಳನ್ನು ಅಲುಗಿಸುತ್ತಲೇ ಇರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಮೈ ತೆಳುವಾದ ಉಕ್ಕಿನ ಪೈಪಾಗಿದ್ದರೆ ಖಾಲಿ ಡಬ್ಬಿಯಂತೆ ಒಳಕ್ಕೆ ಕುಸಿಯುವ ಭಯವೂ ಇದೆ.

ಹಾಗಾದರೆ ಯಾವ ಸಾಧನ? ಇಲ್ಲಿ ತುಸು ನಿಧಾನವಾಗಿ ಹೋಗೋಣ, ಏಕೆಂದರೆ ದುಡ್ಡು ಹಾಳಾಗುವುದು ಇಲ್ಲೇ.

ಮೊದಲು ಕೈಬಿಡಬೇಕಾದವು. ಪ್ರೆಶರ್ ರಿಲೀಫ್ ವಾಲ್ವ್ ಒತ್ತಡ ಹೆಚ್ಚಾದಾಗ ನೀರು ಹೊರಚೆಲ್ಲುತ್ತದೆ. ನಮ್ಮ ತೊಂದರೆ ಶುರುವಾಗುವುದು ಒತ್ತಡ ಇಳಿದಾಗ, ಆ ಹೊತ್ತಿಗೆ ಅದು ಸುಮ್ಮನೆ ಕುಳಿತಿರುತ್ತದೆ. ಸಾಫ್ಟ್ ಸ್ಟಾರ್ಟರ್, ವಿಎಫ್‌ಡಿ ಇವು ಪಂಪನ್ನು ಮೆಲ್ಲಗೆ ನಿಲ್ಲಿಸುವ ಯಂತ್ರಗಳು, ನಾವೇ ನಿಲ್ಲಿಸುವಾಗ ಒಳ್ಳೆಯವು. ಕರೆಂಟೇ ಹೋದರೆ ಅವೂ ಸತ್ತಿರುತ್ತವೆ.

ಸಾಮಾನ್ಯ ಏರ್ ವಾಲ್ವ್ ದಿಬ್ಬದ ಮೇಲೆ ಬೇಕೇ ಬೇಕು, ಗಾಳಿ ಒಳಬಿಟ್ಟು ಹೀರುವಿಕೆಯನ್ನು ಕಡಿಮೆ ಮಾಡುತ್ತದೆ. ಆದರೆ ನೀರು ಹಿಂದಿರುಗುವಾಗ ಗಾಳಿ ಸರ್ರನೆ ಹೊರಹೋಗಿ, ಕೊನೆಗೆ ಚೆಂಡು ಪಟ್ಟನೆ ಮುಚ್ಚಿಕೊಳ್ಳುತ್ತದೆ. ಆಗ ಅದೇ ಹೊಸ ಗುದ್ದಿಗೆ ಕಾರಣ. ಗಾಳಿ ಬೇಗ ಒಳಬಿಟ್ಟು, ನಿಧಾನವಾಗಿ ಹೊರಬಿಡುವ ಬಗೆಯದನ್ನು ಕೇಳಿ. ಏರ್ ಕುಷನ್ ವಾಲ್ವ್ ಎಂದು ಕರೆಯುವುದು ಇಂಥದ್ದನ್ನೇ, ಒಳಸೇರಿದ ಗಾಳಿ ಹಿಂದಿರುಗುವ ನೀರಿಗೆ ದಿಂಬಾಗುತ್ತದೆ. ಆದರೆ ಬಾಯಿ ಕೆಸರಿನಲ್ಲಿ ಮುಳುಗಿದ್ದರೆ ಯಾವ ಏರ್ ವಾಲ್ವೂ ಕೊಳಕು ನೀರಿನ ಬಾಗಿಲೇ. ಗದ್ದೆಯ ನಡುವೆ ಗುಂಡಿ ತೋಡುವ ಬದಲು ನೆಲದ ಮೇಲೆ ಕೊಳವೆ ಎಬ್ಬಿಸಿ ವಾಲ್ವನ್ನು ಎತ್ತರದಲ್ಲಿ ಕೂರಿಸಬೇಕು.

ಝೀರೋ ವೆಲಾಸಿಟಿ ವಾಲ್ವ್ ಎಂಬುದು ಇನ್ನೊಂದು. ಇದು ಲೈನಿನ ನಡುವೆ ಕೂರುವ ವಿಶೇಷ ಎನ್‌ಆರ್‌ವಿ. ಮುಂದೆ ಹೋಗುವ ನೀರಿನ ವೇಗ ಸೊನ್ನೆಯಾಗುವ ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಹಿಂದಕ್ಕೆ ವೇಗ ಹುಟ್ಟುವುದೇ ಇಲ್ಲ, ಉದ್ದ ಕಂಬ ತುಂಡು ತುಂಡಾಗಿ ನಿಲ್ಲುತ್ತದೆ. ಗುದ್ದಿಗೆ ಒಳ್ಳೆಯದು, ಹೀರುವಿಕೆಗೆ ಮದ್ದಲ್ಲ.

ಉಳಿದವು ಎರಡು, ಹೀರುವಿಕೆಯನ್ನೇ ತಡೆಯುವಂಥವು. ಒಂದು ಏರ್ ವೆಸಲ್: ಪಂಪ್‌ಹೌಸಿನ ಪಕ್ಕದ ದೊಡ್ಡ ಉಕ್ಕಿನ ತೊಟ್ಟಿ, ಅದರಲ್ಲಿ ಅರ್ಧ ನೀರು, ಮೇಲೆ ಅಮುಕಿದ ಗಾಳಿ. ಪಂಪು ನಿಂತ ಕ್ಷಣ ಗಾಳಿ ಹಿಗ್ಗಿ ನೀರನ್ನು ಲೈನಿಗೆ ದೂಡುತ್ತದೆ, ಕಂಬ ಮೆಲ್ಲಗೆ ನಿಲ್ಲುತ್ತದೆ. ಇನ್ನೊಂದು ಒನ್‌ವೇ ಸರ್ಜ್ ಟ್ಯಾಂಕ್: ದಿಬ್ಬದ ಮೇಲೆ ಕಟ್ಟಿದ ಸಾದಾ ತೊಟ್ಟಿ, ಲೈನಿಗೆ ಎನ್‌ಆರ್‌ವಿ ಮೂಲಕ ಜೋಡಿಸಿದ್ದು. ಲೈನಿನ ಒತ್ತಡ ತೊಟ್ಟಿಯ ಮಟ್ಟಕ್ಕಿಂತ ಇಳಿದ ಕ್ಷಣ ಎನ್‌ಆರ್‌ವಿ ತೆರೆದು ನೀರು ಒಳಹೋಗುತ್ತದೆ.

ನಮ್ಮ ಲೈನಿಗೆ ಎರಡನ್ನೂ ಕೈಲೆಕ್ಕದಲ್ಲಿ ತೂಗೋಣ. ದಿಬ್ಬವೇ ಇಲ್ಲದೆ ಒಂದೇ ಸಮನೆ ಏರುವ ಲೈನಾಗಿದ್ದರೆ ಸುಮಾರು 20 ಘನ ಮೀಟರಿನ ಏರ್ ವೆಸಲ್ ಸಾಕಾಗುತ್ತಿತ್ತು, ಏಕೆಂದರೆ ಪಂಪಿನ ಬಳಿ ಒತ್ತಡ ಸಾಕಷ್ಟು ಇಳಿಯಲು ಬಿಡಬಹುದಿತ್ತು. ದಿಬ್ಬ ಇರುವುದರಿಂದ ಅಷ್ಟು ಇಳಿಯಲು ಬಿಡುವಂತಿಲ್ಲ. ದಿಬ್ಬದ ಮೇಲೆ 2 ಮೀಟರ್ ಒತ್ತಡವಾದರೂ ಉಳಿಯಬೇಕೆಂದರೆ ಪಂಪಿನ ಬಳಿ 25 ಮೀಟರಿನ ಹತ್ತಿರ ಹಿಡಿಯಬೇಕು. ಆಗ ವೆಸಲ್ 50ರಿಂದ 60 ಘನ ಮೀಟರಿಗೆ ಹೋಗುತ್ತದೆ. ಮೂರು ಮೀಟರ್ ಅಡ್ಡಗಲ, ಎಂಟೂವರೆ ಮೀಟರ್ ಉದ್ದ, 16 ಮಿ.ಮೀ. ತಗಡು ಎಂದು ಹಿಡಿದರೆ ಉಕ್ಕೇ 12 ಟನ್ ಆಗುತ್ತದೆ. ಇವತ್ತಿನ ಉಕ್ಕಿನ ದರ ಮತ್ತು ತಯಾರಿ ಕೂಲಿಯಿಂದ ಗುಣಿಸಿದರೆ ಖರ್ಚಿನ ಅಂದಾಜು ನಿಮಗೇ ಸಿಗುತ್ತದೆ. ಇದರ ಮೇಲೆ ಕಂಪ್ರೆಸರ್, ಮಟ್ಟ ನೋಡುವ ಗಾಜು, ಕಾಲಕಾಲದ ತಪಾಸಣೆ.

ದಿಬ್ಬದ ಮೇಲೆ ಒನ್‌ವೇ ಟ್ಯಾಂಕ್ ಕಟ್ಟಿದರೆ? ಪೈಪಿಗಿಂತ 4 ಮೀಟರ್ ಮೇಲೆ, ಅಂದರೆ 30ರ ಮಟ್ಟದಲ್ಲಿ ಅದರ ನೀರು ಇರಲಿ. ಓಡುವಾಗ ಲೈನಿನಲ್ಲಿ 22 ಮೀಟರ್ ಒತ್ತಡ, ಆದ್ದರಿಂದ ಎನ್‌ಆರ್‌ವಿ ಮುಚ್ಚಿಯೇ ಇರುತ್ತದೆ. ಪಂಪು ನಿಂತಾಗ ಉದ್ದ ಕಂಬ ಸುಮಾರು ಒಂದೂವರೆ ನಿಮಿಷ, 35 ಮೀಟರಿನಷ್ಟು ದೂರ, ಮೆಲ್ಲಗೆ ಸರಿದು ನಿಲ್ಲುತ್ತದೆ. ಅದಕ್ಕೆ ಬೇಕಾದ ನೀರು 7 ಘನ ಮೀಟರಿನ ಒಳಗೆ. ಕಂಬ ಕಡಿಯುವುದೇ ಇಲ್ಲ. ಪಂಪಿನ ಕಡೆಯ 4 ಕಿ.ಮೀ.ಗೆ ಸಂಪಿನಿಂದ ಪಂಪನ್ನು ಬಳಸಿ ಹೋಗುವ ಬೈಪಾಸ್ ಎನ್‌ಆರ್‌ವಿ ಸಾಕು. ಸಂಪಿನ ಮಟ್ಟ ಪಂಪಿಗಿಂತ ಮೇಲಿದ್ದರೆ ಮಾತ್ರ ಇದು ನಡೆಯುತ್ತದೆ. ಹೊಳೆಯ ಜಾಕ್‌ವೆಲ್‌ನಲ್ಲಿ ನೀರು ಆಳದಲ್ಲಿರುವುದರಿಂದ ಅಲ್ಲಿ ಚಿಕ್ಕ ಏರ್ ವೆಸಲ್ ಇಡಬೇಕಾಗುತ್ತದೆ.

ಈ ಲೈನಿಗೆ ನನ್ನ ಆಯ್ಕೆ ದಿಬ್ಬದ ತೊಟ್ಟಿಯೇ. ಕಾಂಕ್ರೀಟಿನದು, ಊರಿನ ಮೇಸ್ತ್ರಿಯೂ ಕಟ್ಟಬಲ್ಲ, ಕರೆಂಟ್ ಬೇಡ. ಆದರೆ ಇದಕ್ಕೆ ಎರಡು ಮಿತಿಗಳಿವೆ. ತೊಟ್ಟಿಯ ಮಟ್ಟ ಕೊನೆಯ ಟ್ಯಾಂಕಿನ ಮಟ್ಟಕ್ಕಿಂತ ಕೆಳಗಿರಲೇಬೇಕು. ದಿಬ್ಬ ಇನ್ನು 6 ಮೀಟರ್ ಎತ್ತರ ಇದ್ದಿದ್ದರೆ ತೊಟ್ಟಿಯ ನೀರು ತಾನೇ ಟ್ಯಾಂಕಿಗೆ ಹರಿದು ಖಾಲಿಯಾಗುತ್ತಿತ್ತು, ಏರ್ ವೆಸಲ್ಲೂ ಕಟ್ಟಲಾಗದಷ್ಟು ದೊಡ್ಡದಾಗುತ್ತಿತ್ತು. ಆಗ ಸಾಧನ ಹುಡುಕುವುದಕ್ಕಿಂತ ದಿಬ್ಬ ಬಳಸಿ ಪೈಪಿನ ದಾರಿ ಬದಲಿಸುವುದೇ ಅಗ್ಗ. ಇನ್ನೊಂದು, ಒಮ್ಮೆ ಖಾಲಿಯಾದ ತೊಟ್ಟಿ ಮತ್ತೆ ತುಂಬಲು ಹೊತ್ತು ಬೇಕು. ನಮ್ಮ ಕಡೆ ಕರೆಂಟ್ ಹತ್ತು ನಿಮಿಷದಲ್ಲಿ ಎರಡು ಸಲ ಹೋಗಿ ಬರುವುದುಂಟು. ಅದಕ್ಕೇ 7 ಬೇಕಾದ ಕಡೆ 15 ಘನ ಮೀಟರ್ ಕಟ್ಟಬೇಕು.

ಊರೊಳಗಿನ ಎಚ್‌ಡಿಪಿಇ ಕವಲುಗಳಿಗೆ ಇಷ್ಟು ತಲೆಬಿಸಿ ಬೇಡ. ಪ್ಲಾಸ್ಟಿಕ್ ಮೆತ್ತಗಿರುವುದರಿಂದ ಅಲೆಯ ವೇಗ ಸೆಕೆಂಡಿಗೆ 230ರಿಂದ 350 ಮೀಟರ್ ಮಾತ್ರ, ಗುದ್ದು ಡಿಐನ ಮೂರರಲ್ಲೊಂದು ಪಾಲು ಅಥವಾ ಇನ್ನೂ ಕಡಿಮೆ.

ನಾನು ಮಾಡಿದ್ದು ಕೈಲೆಕ್ಕ. ಯೋಜನೆಗೆ ಪೂರ್ತಿ ಸರ್ಜ್ ಅನಾಲಿಸಿಸ್ ಬೇಕು. ಅಂದರೆ ಪೈಪನ್ನು ತುಂಡು ತುಂಡಾಗಿ ವಿಂಗಡಿಸಿ ಪ್ರತಿ ಕ್ಷಣದ ಒತ್ತಡವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ SAP2R ನಮ್ಮ ದೇಶದ ಟೆಂಡರುಗಳಲ್ಲಿ ಬಹಳ ಬಳಕೆಯಲ್ಲಿದೆ. HAMMER ಎಂಬ ವಿದೇಶಿ ತಂತ್ರಾಂಶವೂ ಇದೆ. ಉಚಿತವಾಗಿ ಸಿಗುವ EPANETನಲ್ಲಿ ಇದು ಆಗದು, ಅದಕ್ಕೆ ಒತ್ತಡದ ಅಲೆ ಗೊತ್ತಿಲ್ಲ. ವರದಿ ನೋಡಬೇಕೆಂದರೆ ನಗರದ ಲೈನಿಗೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯಲ್ಲಿ, ಹಳ್ಳಿಗಳ ಲೈನಿಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯಲ್ಲಿ ಕೇಳಿ. ಅದರಲ್ಲಿ ಒಂದೇ ಚಿತ್ರ ಹುಡುಕಿ. ನೆಲದ ಏರಿಳಿತದ ಗೆರೆ, ಅದರ ಮೇಲೆ ಅತಿ ಕಡಿಮೆ ಒತ್ತಡದ ಗೆರೆ. ಎಲ್ಲಿ ಒತ್ತಡದ ಗೆರೆ ಪೈಪಿನ ಗೆರೆಗಿಂತ ಕೆಳಗಿಳಿದಿದೆಯೋ ಅಲ್ಲಿ ಹೀರುವಿಕೆ ಇದೆ. ಪೈಪಿನ ಗೆರೆ ಸರ್ವೆ ಮಾಡಿದ್ದೋ, ಅಂದಾಜಿನಲ್ಲಿ ಎಳೆದದ್ದೋ ಎಂದೂ ಕೇಳಿ. ದಿಬ್ಬದ ಎತ್ತರ ಆರು ಮೀಟರ್ ತಪ್ಪಿದರೆ ಆಯ್ಕೆಯೇ ಬದಲಾಗುತ್ತದೆ ಎಂದು ಮೇಲೆ ಕಂಡೆವಲ್ಲ.

ಈಗಾಗಲೇ ಓಡುತ್ತಿರುವ ಲೈನಿನಲ್ಲಿ ತೊಂದರೆ ಇದೆಯೇ ಎಂದು ತಿಳಿಯುವುದು ಹೇಗೆ? ಪಂಪ್‌ಹೌಸಿನ ಸಾಮಾನ್ಯ ಗೇಜು ಸೊನ್ನೆಯ ಕೆಳಗೆ ತೋರಿಸುವುದೇ ಇಲ್ಲ, ಅದಕ್ಕೆ ಕಾಂಪೌಂಡ್ ಗೇಜ್ ಬೇಕು. ನಿಮಿಷಕ್ಕೊಮ್ಮೆ ಅಂಕಿ ಬರೆಯುವ ಸ್ಕಾಡಾಕ್ಕೆ ಈ 22 ಸೆಕೆಂಡಿನ ಆಟ ಕಾಣಿಸುವುದೇ ಇಲ್ಲ. ಸೆಕೆಂಡಿಗೆ ಹತ್ತಾರು ಸಲ ಒತ್ತಡ ದಾಖಲಿಸುವ ಲಾಗರನ್ನು ಒಂದು ಪಂಪಿನ ಬಳಿ, ಒಂದು ದಿಬ್ಬದ ಮೇಲೆ ಕೂರಿಸಬೇಕು. ಮೊದಲು ಒಂದು ಪಂಪು, ಸರಿಯಿದ್ದರೆ ಎಲ್ಲ ಪಂಪುಗಳನ್ನು ಒಟ್ಟಿಗೆ ಟ್ರಿಪ್ ಮಾಡಿ ನೋಡಬೇಕು. ಗುತ್ತಿಗೆದಾರರು ಕೆಲಸ ಒಪ್ಪಿಸುವ ದಿನವೇ ಈ ಪರೀಕ್ಷೆ ಆಗಲಿ.

ಆಪರೇಟರಿಗೂ ಒಂದು ಮಾತು. ಕರೆಂಟ್ ಬಂದ ಕೂಡಲೇ ಪಂಪು ಹಾಕಬೇಡಿ. ನೀರು ಹಿಂದಕ್ಕೆ ಬರುತ್ತಿರುವಾಗ ಮುಂದಕ್ಕೆ ದೂಡಿದರೆ ಗುದ್ದು ಇನ್ನೂ ಜೋರು. ಅಲೆ ಹತ್ತು ಸಲ ಹೋಗಿ ಬಂದು ಸುಸ್ತಾಗಲಿ, ನಮ್ಮ ಲೈನಿಗೆ ಅದು ನಾಲ್ಕು ನಿಮಿಷದಷ್ಟು. ದಿಬ್ಬದ ತೊಟ್ಟಿಯಲ್ಲಿ ನೀರಿದೆ ಎಂದು ಖಾತ್ರಿಯಾಗದೆ ಸ್ಟಾರ್ಟರ್ ಒತ್ತಬಾರದು. ತೊಟ್ಟಿಯನ್ನು ತುಂಬುವುದು ಲೈನಿನಿಂದಲೇ ಕೊಟ್ಟ ಸಣ್ಣ ಕೊಳವೆ ಮತ್ತು ಫ್ಲೋಟ್ ವಾಲ್ವ್. ಆ ಫ್ಲೋಟ್ ವಾಲ್ವ್ ಕಟ್ಟಿಕೊಂಡರೆ ತೊಟ್ಟಿ ಒಣಗಿ ನಿಂತಿದ್ದರೂ ಪಂಪ್‌ಹೌಸಿನಲ್ಲಿ ಕುಳಿತವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ದಿಬ್ಬ ಹತ್ತಿ ಮುಚ್ಚಳ ತೆಗೆದು ನೋಡುವ ಕೆಲಸ ಯಾರದು ಎಂದು ಹೆಸರು ಬರೆದು ಪಂಪ್‌ಹೌಸಿನ ಗೋಡೆಗೆ ಅಂಟಿಸಿ.